ಪ್ಯಾಚ್ ಹಾಕುವ ಮುಂಚೆ ಫೋಟೊದಲ್ಲಿ ಹೇರ್‌ಲೈನ್ ಬರೆದು ತೋರಿಸುವುದು

ಹಣೆ ಮೇಲಕ್ಕೆ ಸರಿದವರಿಗೆ ಹೇರ್ ಪ್ಯಾಚ್ ಹೇಗೆ ಕಾಣುತ್ತದೆಂದು ತೋರಿಸುವ ನನ್ನ ಕೆಲಸ ಶುರುವಾಗುವುದು ಹುಬ್ಬು ತಿದ್ದುವ ಪೆನ್ಸಿಲ್ಲಿನಿಂದ. ಹಣೆ ಹಿಂದಕ್ಕೆ ಬಾಗಿರುವುದರಿಂದ ಫೋಟೊದಲ್ಲಿ ಅದು ಗಿಡ್ಡವಾಗಿ ಕಾಣುತ್ತದೆ. ಪರದೆಯ ಮೇಲೆ ಅಳೆದು ಗೆರೆ ಎಳೆದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಮುಖದ ಮೇಲೇ ಟೇಪು ಹಿಡಿದು ಚುಕ್ಕಿ ಇಟ್ಟು, ಆಮೇಲೆ ಫೋಟೊ ತೆಗೆಯುತ್ತೇನೆ.

ನಲವತ್ತೈದರ ಆಸುಪಾಸಿನ ಒಬ್ಬರ ಲೆಕ್ಕ ಹೀಗಿತ್ತು: ಹುಬ್ಬುಗಳ ನಡುವಿನಿಂದ ಮೂಗಿನ ಬುಡಕ್ಕೆ 6.5 ಸೆಂ.ಮೀ., ಹುಬ್ಬಿನಿಂದ ಉಳಿದ ಕೂದಲಿಗೆ 9.5. ಮುಖವನ್ನು ಮೂರು ಸಮಪಾಲು ಮಾಡುವ ಹಳೇ ಲೆಕ್ಕದಲ್ಲಿ ಹಣೆಯೂ 6.5 ಇರಬೇಕು. ಆ ವಯಸ್ಸಿಗೆ ಅಷ್ಟು ಕೆಳಗೆ ಬಂದರೆ ಟೋಪಿ ಇಟ್ಟಂತಾಗುತ್ತದೆ. ನಡುಚುಕ್ಕಿಯನ್ನು 7.5ಕ್ಕೆ ಇಟ್ಟೆ. ಎರಡು ಮೂಲೆಗಳ ಚುಕ್ಕಿ ಕಣ್ಣಿನ ಹೊರತುದಿಯ ನೇರಕ್ಕೆ, ನಡುವಿನದಕ್ಕಿಂತ ಹಿಂದೆ. ಮೂಲೆ ಮುಚ್ಚಿ ಕೊಡಿ ಎಂದು ಬಹಳ ಜನ ಕೇಳುತ್ತಾರೆ. ಸುಳ್ಳು ಮೊದಲು ಬಯಲಾಗುವುದು ಅಲ್ಲೇ.

ಫೋಟೊಗೆ ಕನಿಷ್ಠ ಒಂದೂವರೆ ಮೀಟರ್ ದೂರ ನಿಂತು 2x ಲೆನ್ಸ್ ಬಳಸುತ್ತೇನೆ, ಫೋನ್ ಕಣ್ಣಿನ ಮಟ್ಟಕ್ಕೆ. ಹತ್ತಿರದಿಂದ ತೆಗೆದರೆ ಮುಖದ ಅಳತೆಗಳೇ ಏರುಪೇರಾಗುತ್ತವೆ. ಫ್ಲ್ಯಾಶ್ ಬೇಡ, ನೆತ್ತಿ ಹೊಳೆದು ಇರುವುದಕ್ಕಿಂತ ಬೋಳಾಗಿ ಕಾಣುತ್ತದೆ.

ಫೋಟೊ ತಿದ್ದುವಾಗ ಒಂದು ಲೇಯರನ್ನು, ಕೆಳಗಿನ ಚಿತ್ರವನ್ನು ಗಾಢವಾಗಿಸುವ Multiply ಮೋಡ್‌ಗೆ ಹಾಕಿ, ಚುಕ್ಕಿಗಳ ಹಿಂದಿನ ಚರ್ಮಕ್ಕೆ ಕಂದು ನೆರಳು ಕೊಡುತ್ತೇನೆ, ಮುಂದೆ ತೆಳು, ಹಿಂದೆ ಗಾಢ. ಇದಿಲ್ಲದೆ ಎಷ್ಟು ಎಳೆ ಬರೆದರೂ ನಡುನಡುವೆ ಬಿಳಿ ಚರ್ಮ ಇಣುಕುತ್ತದೆ. ಕೂದಲಿನ ಬಣ್ಣವನ್ನು ಅವರ ಕಿವಿಯ ಮೇಲಿನ ಕೂದಲಿನಿಂದಲೇ ಎತ್ತುತ್ತೇನೆ, ಒಂದು ಕಡು, ಒಂದು ತಿಳಿ, ಒಂದು ನರೆ. ಎಳೆಯ ದಪ್ಪದಲ್ಲಿ ತಪ್ಪುವವರೇ ಹೆಚ್ಚು. ಕೂದಲು ಸುಮಾರು 0.07 ಮಿ.ಮೀ.; ಫೋಟೊದಲ್ಲಿ ಒಂದು ಸೆಂ.ಮೀ.ಗೆ 60 ಪಿಕ್ಸೆಲ್ ಇದ್ದರೆ ಅದು ಅರ್ಧ ಪಿಕ್ಸೆಲ್ಲೂ ಆಗುವುದಿಲ್ಲ. ಅದಕ್ಕೇ ಅಂಚಿನಲ್ಲಿ 1 ಪಿಕ್ಸೆಲ್ ಬ್ರಷ್ಷನ್ನು ಅರ್ಧ ಗಾಢತೆಗೆ ಇಳಿಸಿ ಬರೆಯುತ್ತೇನೆ. ಹಿಂದೆ ಹಿಂದೆ ಹೋದಂತೆ 2 ಪಿಕ್ಸೆಲ್, ಎಳೆಗಳು ಒಂದರ ಮೇಲೊಂದು. ಮುಂದಿನ ಅರ್ಧ ಸೆಂ.ಮೀ.ನಲ್ಲಿ ಬಿಡಿಬಿಡಿ ಒಂಟಿ ಎಳೆಗಳು, ಕೆಲವು ಚುಕ್ಕಿಗಿಂತ ಮುಂದೆ, ಕೆಲವು ಹಿಂದೆ. ಪಕ್ಕದ ಕೂದಲನ್ನು ಕ್ಲೋನ್ ಮಾಡಿ ಅಂಟಿಸಿದರೆ ಒಂದೇ ಸುಳಿ ಎರಡು ಕಡೆ ಕಾಣುತ್ತದೆ, ಬೆಳಕಿನ ದಿಕ್ಕೂ ತಪ್ಪುತ್ತದೆ. ಕೊನೆಗೆ ಕೂದಲಿನ ಬುಡದಲ್ಲಿ ಹಣೆಗೆ ತೆಳು ನೆರಳು ಬಿಟ್ಟು, ಚುಕ್ಕಿ ಅಳಿಸುತ್ತೇನೆ.

ತೋರಿಸುವಾಗ ಎಡಬಲ ತಿರುಗಿಸಿದ ಪ್ರತಿಯನ್ನೇ ಮುಂದಿಡುತ್ತೇನೆ. ಅವರು ದಿನಾ ನೋಡುವುದು ಕನ್ನಡಿಯ ಮುಖ. ನೇರ ಫೋಟೊದಲ್ಲಿ ಬೈತಲೆ ಆಚೆಗೆ ಹೋಗಿ, ದೋಷ ಕೂದಲಿನದೆಂದು ಅನ್ನಿಸಿಬಿಡುತ್ತದೆ. 7.5ರ ಜೊತೆ 8ರದ್ದೂ ಒಂದು ಬರೆದಿಟ್ಟಿದ್ದೆ. ಎರಡನ್ನೂ ನೋಡಿ ಅವರು ಆರಿಸಿದ್ದು 8ನ್ನೇ. ಪ್ಯಾಚಿನ ಅಳತೆಗೆ ಬರೆದುಕೊಂಡದ್ದೂ ಆ ಅಂಕಿಯನ್ನೇ.