ಮಾತಾಡಲು ಅಂಗಡಿಯವರನ್ನು ಹುಡುಕುವುದು ಹೇಗೆ?

ಕಿರಾಣಿ ಅಂಗಡಿಯವರಿಗೆ ಉದ್ರಿ ಲೆಕ್ಕದ ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಕೋಡ್ ಬರೆಯುವ ಮೊದಲು ಐದಾರು ಅಂಗಡಿಯವರ ಜೊತೆ ಕೂತು ಮಾತಾಡಬೇಕು. ಯಾರ ಜೊತೆ?

ಮೊದಲು ಜನರನ್ನು ಆರಿಸಿ. ‘ನೀವು ಉದ್ರಿ ಕೊಡ್ತೀರಾ?’ ಎಂದು ಕೇಳಬೇಡಿ. ನಿಮಗೆ ಬೇಕಾದ ಉತ್ತರ ಯಾವುದೆಂದು ಪ್ರಶ್ನೆಯೇ ಹೇಳಿಬಿಡುತ್ತದೆ. ‘ಕಡೆಯ ಸಲ ಉದ್ರಿ ಬರೆದದ್ದು ಯಾವಾಗ, ಎಲ್ಲಿ ಬರೆದಿರಿ?’ ಎಂದು ಕೇಳಿ. ‘ಇವತ್ತು ಬೆಳಿಗ್ಗೆ, ಕ್ಯಾಲೆಂಡರ್ ಹಿಂದೆ’ ಎಂದವರು ನಿಮಗೆ ಬೇಕಾದವರು. ಪರಿಚಯದ ಒಬ್ಬರೇ ಎಲ್ಲರನ್ನೂ ಸೂಚಿಸಿದರೆ ಒಂದೇ ಬೀದಿಯ ಕಥೆ ಸಿಗುತ್ತದೆ. ಹಾಗಾಗಿ ಎರಡು ಮೂರು ಬಡಾವಣೆಗಳಿಂದ ಆರಿಸಿ. ಕೊನೇ ಗಳಿಗೆಯಲ್ಲಿ ಯಾರಾದರೂ ತಪ್ಪಿಸಿಕೊಳ್ಳುವುದು ಮಾಮೂಲು. ಒಬ್ಬರನ್ನು ಜಾಸ್ತಿಯೇ ಒಪ್ಪಿಸಿಟ್ಟುಕೊಳ್ಳಿ.

ಆಮೇಲೆ ಸಮಯ. ‘ನಿಮಗೆ ಯಾವಾಗ ಆಗುತ್ತೆ?’ ಎಂದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗೀತು. ಬೆಳಿಗ್ಗೆ ಹಾಲು, ಬ್ರೆಡ್ಡಿನ ಗಡಿಬಿಡಿ, ಸಂಜೆ ಗಿರಾಕಿಗಳ ಗದ್ದಲ. ಮಧ್ಯಾಹ್ನವೇ ಸರಿ. ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಕಳಿಸಬಹುದು:

‘ನಮಸ್ಕಾರ ಅಣ್ಣಾ. ಉದ್ರಿ ಲೆಕ್ಕದ ಆ್ಯಪ್ ಮಾಡುತ್ತಿದ್ದೇವೆ. ನೀವು ಲೆಕ್ಕ ಹೇಗೆ ಇಡುತ್ತೀರಿ ಎಂದು 40 ನಿಮಿಷ ಕೇಳಬೇಕಿತ್ತು. ಏನನ್ನೂ ಮಾರುವುದಿಲ್ಲ. ನಿಮ್ಮ ಅಂಗಡಿಗೇ ಬರುತ್ತೇವೆ. 1) ಮಂಗಳವಾರ 2:30, 2) ಬುಧವಾರ 3:00, 3) ಶುಕ್ರವಾರ 2:30. ನಂಬರ್ ಮಾತ್ರ ಕಳಿಸಿ ಸಾಕು. ನಿಮ್ಮ ಸಮಯಕ್ಕೆ 300 ರೂಪಾಯಿ ಕೊಡುತ್ತೇವೆ.’

ಒಂದೇ ಹೊತ್ತನ್ನು ಇಬ್ಬರಿಗೆ ಕೊಡಬೇಡಿ. ಎರಡು ಮಾತುಕತೆಗಳ ನಡುವೆ ಅರ್ಧ ಗಂಟೆ ಬಿಡಿ. ಗಿರಾಕಿ ಬಂದರೆ ಮಾತು ನಿಲ್ಲುತ್ತದೆ, ನಿಲ್ಲಲೇಬೇಕು. ಹಿಂದಿನ ದಿನ ಒಂದು ನೆನಪಿನ ಮೆಸೇಜ್ ಹಾಕಿ.

ಒಪ್ಪಿಗೆ ಚೀಟಿ ಒಂದು ಪುಟ ಮೀರಬಾರದು, ಕನ್ನಡದಲ್ಲಿರಬೇಕು. ಕೇಳುತ್ತಿರುವವರು ಯಾರು, ಯಾಕೆ, ಧ್ವನಿ ರೆಕಾರ್ಡ್ ಆಗುತ್ತದೆಯೇ, ಅದನ್ನು ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೀರಿ, ಬೇಡವೆನಿಸಿದರೆ ಯಾರಿಗೆ ಹೇಳಬೇಕು ಎಂಬುದನ್ನು ಬರೆಯಿರಿ. ಮಾತಿಗೆ ಒಪ್ಪಿಗೆ, ರೆಕಾರ್ಡಿಂಗ್‌ಗೆ ಒಪ್ಪಿಗೆ, ಎರಡಕ್ಕೂ ಬೇರೆ ಬೇರೆ ಗುರುತು ಹಾಕಿಸಿ. ಮಾತಾಡಲು ಒಪ್ಪಿ ರೆಕಾರ್ಡಿಂಗ್ ಬೇಡ ಎನ್ನುವವರು ಇರುತ್ತಾರೆ. ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಉದ್ರಿ ಪುಸ್ತಕದಲ್ಲಿ ಗಿರಾಕಿಗಳ ಹೆಸರು, ಬಾಕಿ ಇರುತ್ತದೆ. ಅಂಗಡಿಯವರು ಒಪ್ಪಿದರು ಎಂದರೆ ಆ ಗಿರಾಕಿಗಳೂ ಒಪ್ಪಿದಂತಲ್ಲ. ಫೋಟೊ ಬೇಕಿದ್ದರೆ ಹೆಸರಿನ ಸಾಲಿನ ಮೇಲೆ ಕಾಗದ ಇಟ್ಟು ತೆಗೆಯಿರಿ.

ಆ 300 ರೂಪಾಯಿ ಹೊಗಳಿಕೆಗೆ ಕೊಡುವ ಬೆಲೆ ಆಗಬಾರದು. ಮೊತ್ತ ತೀರಾ ದೊಡ್ಡದಾದರೆ ದುಡ್ಡಿಗಾಗಿಯೇ ‘ನಾನೂ ಉದ್ರಿ ಕೊಡ್ತೀನಿ’ ಎನ್ನುವವರು ಬರುತ್ತಾರೆ. ಎಲ್ಲರಿಗೂ ಒಂದೇ ಮೊತ್ತ ಕೊಡಿ. ಅರ್ಧಕ್ಕೆ ಎದ್ದರೂ, ನಿಮ್ಮ ಐಡಿಯಾ ಸುಮ್ನೆ ದಂಡ ಎಂದರೂ ಪೂರ್ತಿ ಕೊಡಬೇಕು. ಇದನ್ನು ಚೀಟಿಯಲ್ಲೇ ಬರೆದಿಡಿ. ಮಾತು ಮುಗಿದ ಕೂಡಲೇ ಅಂಗಡಿಯ ಕ್ಯೂಆರ್ ಕೋಡ್‌ಗೆ ಹಣ ಹಾಕಿ, ಬಂತಾ ಎಂದು ಕೇಳಿಕೊಂಡೇ ಹೊರಡಿ.