ಆನ್‌ಲೈನಿನಲ್ಲಿ ಕುಪ್ಪಸ ಹೊಲಿಸುವಾಗ: ಮೈಯಳತೆ ಬೇರೆ, ಬಟ್ಟೆಯಳತೆ ಬೇರೆ

ಧಾರವಾಡದ ಶಾಲೆಯೊಂದರ ಅಕ್ಕೋರೊಬ್ಬರು ತಮ್ಮ ಇಳಕಲ್ ಸೀರೆಗೆ ಒಪ್ಪುವ ಖಣದ ಕುಪ್ಪಸವನ್ನು ಮೊಬೈಲಿನಲ್ಲಿಯೇ ಆರಿಸಿ, ಅಲ್ಲಿಯೇ ಹೊಲಿಯಲು ಕೊಟ್ಟರು. ಬಟ್ಟೆಯೂ ಹೊಲಿಗೆಯೂ ಅಂಗಡಿಯವರದೇ ಆದ್ದರಿಂದ ಅವರು ಮಾಡಬೇಕಾಗಿದ್ದದ್ದು ಅಳತೆಯ ನಮೂನೆಯನ್ನು ತುಂಬುವುದಷ್ಟೇ. ಬಂದ ಕುಪ್ಪಸವು ಎದೆಯಲ್ಲಿ ಸಡಿಲವಾಗಿತ್ತು, ತೋಳು ಗಿಡ್ಡವಾಗಿತ್ತು. ಎರಡೂ ಹೊಲಿದವರ ತಪ್ಪೆಂದೇ ಮನೆಯವರೆಲ್ಲ ಹೇಳಿದರು. ಟೇಪು ಹಿಡಿದು ನೋಡಿದಾಗ ಒಂದು ತಪ್ಪು ಅವರದು, ಇನ್ನೊಂದು ಅಕ್ಕೋರದೇ ಎಂದು ತಿಳಿಯಿತು. ಆನ್‌ಲೈನಿನಲ್ಲಿ ಹೊಲಿಸುವವರು ಮೊದಲು ಅರಿಯಬೇಕಾದ ಸಂಗತಿ ಈ ಪ್ರಕರಣದಲ್ಲಿಯೇ ಇದೆ.

ಮೈಗೆ ಟೇಪು ಸುತ್ತಿದಾಗ ಬರುವ ಅಂಕಿ ಮೈಯಳತೆ. ಹೊಲಿದು ಮುಗಿದ ಬಟ್ಟೆಯನ್ನು ಅಳೆದಾಗ ಬರುವ ಅಂಕಿ ಬಟ್ಟೆಯಳತೆ. ಉಸಿರಾಡಲು, ಕೈ ಎತ್ತಲು ಅನುಕೂಲವಾಗುವಂತೆ ಸಿಂಪಿಗರು ಮೈಯಳತೆಗೆ ಒಂದಿಷ್ಟು ‘ಲೂಸ್’ ಸೇರಿಸುತ್ತಾರೆ. ಹಿಗ್ಗದ ಬಟ್ಟೆಯ ಕುಪ್ಪಸವಾದರೆ ಎದೆಯ ಸುತ್ತಿಗೆ ಸಾಮಾನ್ಯವಾಗಿ 1ರಿಂದ 2 ಇಂಚು ಸೇರುತ್ತದೆ. ಆದ್ದರಿಂದ ನಮೂನೆಯನ್ನು ತೆರೆದ ಕೂಡಲೇ ಅಂಕಿ ತುಂಬಲು ಹೋಗದೆ, ಅಂಗಡಿಯವರು ಈ ಎರಡರಲ್ಲಿ ಯಾವುದನ್ನು ಕೇಳುತ್ತಿದ್ದಾರೆ ಎಂಬುದನ್ನು ಓದಿಕೊಳ್ಳಬೇಕು. ಅಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ಸಂದೇಶ ಕಳುಹಿಸಿ ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಫೋನಿನಲ್ಲಿ ಹೇಳಿದ ಮಾತು ಮುಂದೆ ಸಾಕ್ಷಿಯಾಗಿ ಉಳಿಯುವುದಿಲ್ಲ.

ಅಕ್ಕೋರು ಎಡವಿದ್ದು ಇಲ್ಲಿಯೇ. ಅವರ ಎದೆಯ ಮೈಯಳತೆ 36 ಇಂಚು. ಅವರು ತಮಗೆ ಸರಿಹೊಂದುವ ಹಳೆಯ ಕುಪ್ಪಸವನ್ನು ಹಾಸಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗೆ ಅಳೆದಾಗ 19 ಇಂಚು ಬಂತು. ಅದನ್ನು ಇಮ್ಮಡಿ ಮಾಡಿ 38 ಎಂದು ತುಂಬಿದರು. ನಮೂನೆಯು ಕೇಳಿದ್ದು ಮೈಯಳತೆಯನ್ನು. 38ರಲ್ಲಿ 2 ಇಂಚು ಲೂಸ್ ಆಗಲೇ ಸೇರಿತ್ತು. ಅದನ್ನರಿಯದ ಸಿಂಪಿಗ ಮತ್ತೆ 2 ಇಂಚು ಸೇರಿಸಿ 40ಕ್ಕೆ ಕತ್ತರಿಸಿದ.

ಅಳೆಯುವ ಬಗೆ

ಮೈಯಳತೆಯನ್ನು ಒಬ್ಬರೇ ತೆಗೆದುಕೊಳ್ಳಬಾರದು, ಏಕೆಂದರೆ ತಲೆ ಬಗ್ಗಿಸಿ ಟೇಪು ನೋಡುವಾಗ ಹೆಗಲು ಮುಂದಕ್ಕೆ ಬಾಗಿ ಅಂಕಿ ಬದಲಾಗುತ್ತದೆ. ಕುಪ್ಪಸದೊಳಗೆ ತೊಡುವ ಒಳ ಉಡುಪನ್ನೇ ತೊಟ್ಟು, ನೇರವಾಗಿ ನಿಂತು, ಬೇರೊಬ್ಬರಿಂದ ಅಳೆಸಿಕೊಳ್ಳಬೇಕು. ಟೇಪು ಬೆನ್ನಿನಲ್ಲಿ ಕೆಳಗೆ ಜಾರದೆ ಸುತ್ತಲೂ ಸಮನಾಗಿರಬೇಕು. ಮೈಗೆ ತಾಗಬೇಕು, ಒತ್ತಬಾರದು. ಟೇಪಿನೊಳಗೆ ಎರಡು ಬೆರಳಿಟ್ಟು ಅಳೆಯುವ ರೂಢಿ ಅನೇಕ ಸಿಂಪಿಗರಲ್ಲಿದೆ; ಆ ಬೆರಳುಗಳೇ ಅವರ ಲೂಸ್. ಮೈಯಳತೆ ಕೇಳಿದ ನಮೂನೆಗೆ ಹಾಗೆ ಅಳೆದ ಅಂಕಿಯನ್ನು ಕೊಟ್ಟರೆ ಅಕ್ಕೋರಿಗೆ ಆದದ್ದೇ ಆಗುತ್ತದೆ.

ಎದೆ, ಎದೆಯ ಕೆಳಗಿನ ಸುತ್ತು ಮತ್ತು ಕುಪ್ಪಸದ ಉದ್ದ ಇವುಗಳಲ್ಲಿ ತೊಂದರೆ ಕಡಿಮೆ. ಹೆಚ್ಚು ಎಚ್ಚರ ಬೇಕಾದದ್ದು ತೋಳು ಮತ್ತು ಕಂಕುಳಿಗೆ. ತೋಳಿನ ಉದ್ದವನ್ನು ಹೆಗಲಿನ ಎಲುಬಿನ ತುದಿಯಿಂದ ಅಳೆಯಬೇಕೇ ಹೊರತು ಕತ್ತಿನ ಬುಡದಿಂದಲ್ಲ. ತೋಳಿನ ಸುತ್ತನ್ನು ತೋಳು ಮುಗಿಯುವ ಜಾಗದಲ್ಲಿಯೇ, ಮೊಣಕೈ ಮಡಚಿ ಅಳೆಯಬೇಕು. ಕಂಕುಳ ಸುತ್ತು ದೊಡ್ಡದಿದ್ದರೆ ಕೈ ಎತ್ತಲು ಸಲೀಸಾಗುತ್ತದೆ ಎಂದು ಅನೇಕರು ಅಲ್ಲಿ ಒಂದು ಇಂಚು ಹೆಚ್ಚಿಗೆ ಬರೆಯುತ್ತಾರೆ, ಆದರೆ ಪರಿಣಾಮ ತಿರುಗುಮುರುಗಾಗುತ್ತದೆ: ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ಕುಪ್ಪಸ ಮೇಲಕ್ಕೆ ಎಳೆಯಲ್ಪಡುತ್ತದೆ.

ಪ್ರತಿ ಅಳತೆಯನ್ನೂ ಎರಡು ಸಲ ತೆಗೆಯಿರಿ. ಅರ್ಧ ಇಂಚಿನಷ್ಟು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ. ಬಹಳ ವರ್ಷ ಬಳಸಿದ ಪ್ಲಾಸ್ಟಿಕ್ ಟೇಪು ಹಿಗ್ಗಿರಬಹುದಾದ್ದರಿಂದ ಅದನ್ನು ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ಪರೀಕ್ಷಿಸಿಕೊಳ್ಳಬೇಕು. ನಮೂನೆಯಲ್ಲಿ ಇಂಚು ಆಯ್ಕೆಯಾಗಿದೆಯೋ ಸೆಂಟಿಮೀಟರೋ ಎಂಬುದನ್ನೂ ನೋಡಬೇಕು.

ಇಷ್ಟೆಲ್ಲ ತೊಡಕು ಬೇಡವೆನ್ನುವವರಿಗೆ ಸರಿಹೊಂದುವ ಹಳೆಯ ಕುಪ್ಪಸದ ಬಟ್ಟೆಯಳತೆಯನ್ನೇ ಕೊಡುವುದು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಸುರಕ್ಷಿತ, ಆದರೆ ಅಂಗಡಿಯವರು ಅದಕ್ಕೆ ಒಪ್ಪಿರಬೇಕು ಮತ್ತು ಆ ಕುಪ್ಪಸವೂ ಹಿಗ್ಗದ ಬಟ್ಟೆಯದಾಗಿರಬೇಕು. ಯಾವ ದಾರಿ ಹಿಡಿದರೂ ಸೂಚನೆಯ ಅಂಕಣದಲ್ಲಿ ‘ಇದು ಮೈಯಳತೆ, ಲೂಸ್ ಸೇರಿಸಿಲ್ಲ’ ಎಂದೋ ‘ಇದು ಹೊಲಿದ ಬಟ್ಟೆಯಳತೆ, ಲೂಸ್ ಸೇರಿಸಬೇಡಿ’ ಎಂದೋ ಒಂದು ಸಾಲು ಬರೆದು, ತುಂಬಿದ ನಮೂನೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು.

ಹೊಂದದೆ ಬಂದರೆ

ಕುಪ್ಪಸವನ್ನು ಒಗೆಯಬಾರದು, ಚೀಟಿ ಕೀಳಬಾರದು, ಊರಿನ ಸಿಂಪಿಗರಿಂದ ಒಂದು ಹೊಲಿಗೆಯನ್ನೂ ಬಿಚ್ಚಿಸಬಾರದು. ಒಮ್ಮೆ ಕೈಯಾಡಿಸಿದ ಬಟ್ಟೆಯನ್ನು ಅಂಗಡಿಯವರು ತಿರಸ್ಕರಿಸಲು ಕಾರಣ ಸಿಗುತ್ತದೆ. ಹುಕ್ಕು ಹಾಕಿ, ಮೇಜಿನ ಮೇಲೆ ಎಳೆಯದೆ ಹಾಸಿ, ಒಂದೊಂದೇ ಭಾಗವನ್ನು ಅಳೆದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದು, ಸ್ಕ್ರೀನ್‌ಶಾಟಿನ ಅಂಕಿಗಳೊಂದಿಗೆ ಹೋಲಿಸಬೇಕು. ತೊಟ್ಟುಕೊಂಡಾಗ ಹೇಗೆ ಕಾಣುತ್ತದೆ ಎಂಬುದರ ಮೇಲೆ ವಾದ ಹೂಡಿದರೆ ಅದು ಮುಗಿಯುವುದಿಲ್ಲ. ಅಂಕಿಗೆ ಅಂಕಿ ಇಟ್ಟರೆ ವಾದಕ್ಕೆ ಜಾಗವಿರುವುದಿಲ್ಲ.

ಅಕ್ಕೋರು ಹಾಗೆ ಹೋಲಿಸಿದಾಗ ಎದೆ 20ರಂತೆ ಇಮ್ಮಡಿ 40 ಬಂತು, ಅಂದರೆ ಅವರು ಬರೆದ 38ಕ್ಕೆ ಲೂಸ್ ಸೇರಿ ಲೆಕ್ಕ ಸರಿಯಾಗಿತ್ತು. ತೋಳಿನ ಉದ್ದ ಅವರು ಬರೆದದ್ದು 10 ಇಂಚು, ಬಂದದ್ದು ಎಂಟೂಮುಕ್ಕಾಲು. ಅರ್ಧ ಇಂಚಿನವರೆಗಿನ ವ್ಯತ್ಯಾಸಕ್ಕೆ ಹೊಣೆಯಿಲ್ಲವೆಂದು ಆ ಅಂಗಡಿಯ ಷರತ್ತಿನಲ್ಲಿತ್ತು. ಇಲ್ಲಿನ ವ್ಯತ್ಯಾಸ ಒಂದೂಕಾಲು ಇಂಚು. ಅವರು ಎದೆಯ ಮಾತೆತ್ತದೆ, ಫೋಟೊದೊಂದಿಗೆ ತೋಳಿನ ಬಗ್ಗೆ ಮಾತ್ರ ಬರೆದರು. ಅದು ಒಳ್ಳೆಯ ನಿರ್ಧಾರ, ಏಕೆಂದರೆ ತಮ್ಮದೇ ತಪ್ಪನ್ನೂ ಸೇರಿಸಿದ್ದರೆ ಅಂಗಡಿಯವರು ಅದನ್ನೇ ಹಿಡಿದು ಇಡೀ ದೂರನ್ನು ತಳ್ಳಿಹಾಕಬಹುದಿತ್ತು.

‘ಅಳತೆ ಕೊಟ್ಟು ಹೊಲಿಸಿದ್ದಕ್ಕೆ ವಾಪಸಾತಿ ಇಲ್ಲ’ ಎಂಬುದು ಅಂಗಡಿಯವರ ಮೊದಲ ಉತ್ತರವಾಗಿತ್ತು. ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಒಪ್ಪಿಕೊಂಡ ಗುಣಲಕ್ಷಣಗಳಿಗೆ ಹೊಂದದ ಸರಕನ್ನು ಮರಳಿ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ತಲುಪಿದ್ದನ್ನು ಕುಂದುಕೊರತೆ ಅಧಿಕಾರಿಯು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ನಿಯಮವನ್ನು ಉಲ್ಲೇಖಿಸಿ ಬರೆದ ಎರಡನೆಯ ಸಂದೇಶಕ್ಕೆ ಅಂಗಡಿಯವರು ಒಪ್ಪಿ, ಕುಪ್ಪಸ ತರಿಸಿಕೊಂಡು ಅದೇ ಖಣದಲ್ಲಿ ತೋಳನ್ನು ಹೊಸದಾಗಿ ಕೂಡಿಸಿ ಕಳುಹಿಸಿದರು. ಒಪ್ಪದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದಿತ್ತು; 2019ರ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ ಧಾರವಾಡ, ಗದಗ, ಹಾವೇರಿಯವರು ಅಂಗಡಿ ಇರುವ ಊರಿಗೆ ಅಲೆಯಬೇಕಾಗಿಲ್ಲ.

ಎದೆಯ ಸಡಿಲನ್ನು ಅಕ್ಕೋರು ತಮ್ಮ ಓಣಿಯ ಸಿಂಪಿಗರಲ್ಲಿ ಸರಿಪಡಿಸಿಕೊಂಡರು. “ಒಂದೇ ಮಗ್ಗಲಾಗ ಹಿಡದ್ರ ಮುಂದಿನ ಡಾಟ್ ಸರೀತೈತ್ರಿ ಅಕ್ಕೋರ, ಎರಡೂ ಕಡೆ ಸಮಾ ಹಿಡೀಬೇಕು” ಎಂದ ಅವರು ಎರಡೂ ಮಗ್ಗುಲಿನ ಹೊಲಿಗೆಯನ್ನು ಅರ್ಧರ್ಧ ಇಂಚು ಒಳಸರಿಸಿದರು. ಪ್ರತಿ ಹೊಲಿಗೆಯಲ್ಲಿ ಮುಂಭಾಗದ್ದೊಂದು, ಬೆನ್ನಿನದೊಂದು ಹೀಗೆ ಎರಡು ಪದರವಿರುವುದರಿಂದ ನಾಲ್ಕು ಅರ್ಧ ಇಂಚು ಸೇರಿ 2 ಇಂಚು ಕಡಿಮೆಯಾಯಿತು. ಕಂಕುಳಿನಲ್ಲಿ ಸುಕ್ಕು ಬೀಳದಂತೆ ತೋಳಿನ ಕೆಳಹೊಲಿಗೆಯನ್ನೂ ಅಷ್ಟೇ ಹಿಡಿದರು. ಹಿಡಿದ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಾರ್ಜಿನ್ ಆಗಿ ಬಿಡಿಸಿಕೊಂಡದ್ದರಿಂದ ಮುಂದೆ ಬೇಕಾದಾಗ ಬಿಚ್ಚಿ ಹಿಗ್ಗಿಸಬಹುದು. ಕತ್ತಿನ ಆಳ ಹೆಚ್ಚಾಗಿದ್ದರೆ ಅಥವಾ ಕಂಕುಳನ್ನು ಅತಿಯಾಗಿ ಕೆಳಗೆ ಕತ್ತರಿಸಿದ್ದರೆ ಹೀಗೆ ಸರಿಪಡಿಸಲು ಬರುತ್ತಿರಲಿಲ್ಲ, ಏಕೆಂದರೆ ಅಲ್ಲಿ ಬಟ್ಟೆಯೇ ಉಳಿದಿರುವುದಿಲ್ಲ. ಅಂಥ ಕುಪ್ಪಸಕ್ಕೆ ಕೇಳಬೇಕಾದದ್ದು ರಿಪೇರಿಯನ್ನಲ್ಲ, ಹಣವನ್ನು ಇಲ್ಲವೇ ಹೊಸ ಕುಪ್ಪಸವನ್ನು.