ಮೂರನೇ ಪತ್ರಕ್ಕೆ ಉತ್ತರ ಬಂತು

"ಲೇಖಕರ ಕೊನೆಗಾಲದ ಆರೋಗ್ಯದ ಬಗ್ಗೆ ಮನೆಯವರು ಬಾಯಿ ಬಿಡಲ್ಲ, ಆ ಅಧ್ಯಾಯ ಕೈಬಿಡಿ" ಅಂತ ನನ್ನ ಗೈಡ್ ಹೇಳಿದ್ದರು. ಜೊತೆಯವರೂ ಅದನ್ನೇ ಅಂದರು. ಈಗ ನಾನು ಸಂಶೋಧನೆ ಮಾಡುತ್ತಿರುವ ಆ ಲೇಖಕರ ಮಗಳು ಕೈಯಾರೆ ಬರೆದ 9 ಪುಟದ ಉತ್ತರ ನನ್ನ ಮೇಜಿನ ಮೇಲಿದೆ.

ಮೊದಲ ಪತ್ರ ಕೆಟ್ಟಿದ್ದು ನನ್ನಿಂದಲೇ. ವಿಭಾಗದ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿ, 20ಕ್ಕಿಂತ ಜಾಸ್ತಿ ಪ್ರಶ್ನೆ ಹಾಕಿ, ಪ್ರಕಾಶಕರ ಮೂಲಕ ಕಳಿಸಿದ್ದೆ. ಯಾವ ಕಾಯಿಲೆ ಇತ್ತು, ಯಾವ ಔಷಧಿ, ನೆನಪು ಕಡಿಮೆಯಾಗಿತ್ತೇ ಅಂತೆಲ್ಲ ಸಾಲಾಗಿ ಕೇಳಿದ್ದೆ. ಮಗ ಫೋನ್ ಮಾಡಿ, "ನೀವು ಅಪ್ಪನ ಬಗ್ಗೆ ಬರೀತಿದ್ದೀರೋ, ಅವರ ಕಾಯಿಲೆ ಬಗ್ಗೆ ಬರೀತಿದ್ದೀರೋ?" ಅಂತ ಕೇಳಿ ಇಟ್ಟುಬಿಟ್ಟರು. ಆ ಮಾತು ತಿಂಗಳುಗಟ್ಟಲೆ ಕಿವಿಯಲ್ಲೇ ಇತ್ತು. ಎರಡನೆಯದು ಇಮೇಲ್, ಅದಕ್ಕೆ ಉತ್ತರವೇ ಇಲ್ಲ.

ಆಮೇಲೆ ಒಂದು ವರ್ಷ ಮನೆಯವರನ್ನು ಬಿಟ್ಟು ಕಾಗದಗಳ ಹಿಂದೆ ಬಿದ್ದೆ. ಲೇಖಕರು ಗೆಳೆಯರಿಗೆ ಬರೆದ ಸುಮಾರು 60 ಪತ್ರಗಳ ಜೆರಾಕ್ಸ್ ಸೇರಿಸಿದೆ. ಎರಡು ತಿಂಗಳ ಫೆಲೋಶಿಪ್ ಹಣ ಓಡಾಟಕ್ಕೂ ಜೆರಾಕ್ಸಿಗೂ ಹೋಯಿತು, ಮೆಸ್ ಬಾಕಿ ಉಳಿಸಿಕೊಂಡೆ. ಅವುಗಳನ್ನು ತಾರೀಖಿನ ಪ್ರಕಾರ ನೆಲದ ಮೇಲೆ ಹರಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೊನೆಯ ಐದಾರು ವರ್ಷಗಳಲ್ಲಿ ಅಕ್ಷರ ದೊಡ್ಡದಾಗುತ್ತಾ ಹೋಗಿದೆ. ಸಾಲುಗಳು ಕೆಳಗೆ ಜಾರಿ ಒಂದರ ಮೇಲೊಂದು ಏರಿವೆ. ಆಮೇಲೆ ಬೇರೆ ಯಾರದೋ ದುಂಡನೆಯ ಬರಹ, ಕೆಳಗೆ ಸಹಿ ಮಾತ್ರ ಅವರದು.

ಅವರಿಗೆ ಪಾರ್ಕಿನ್ಸನ್ ಇತ್ತು ಅಂತ ಒಬ್ಬ ವಿಮರ್ಶಕರು ಬರೆದಿದ್ದರು. ಆದರೆ ಆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅಕ್ಷರ ಚಿಕ್ಕದಾಗುತ್ತದೆ, ಸಾಲಿನ ಕೊನೆಗೆ ಹೋದಂತೆ ಇನ್ನೂ ಕುಗ್ಗುತ್ತದೆ. ನಾನು ಸ್ಕೇಲ್ ಹಿಡಿದು ಸಾಲಿನ ಮೊದಲ ಪದ, ಕೊನೆಯ ಪದ ಎರಡನ್ನೂ ಅಳೆದೆ. ಕುಗ್ಗೇ ಇಲ್ಲ. ಇದು ಕೈಯ ತೊಂದರೆಗಿಂತ ಕಣ್ಣಿನ ತೊಂದರೆ ಇರಬೇಕು ಅನ್ನಿಸಿತು. ಬರಹ ನೋಡಿ ಕಾಯಿಲೆ ತೀರ್ಮಾನಿಸಲು ಆಗಲ್ಲ, ಆದರೆ ಏನು ಕೇಳಬೇಕು ಅನ್ನೋದು ಸಿಕ್ಕಿತು.

ಮೂರನೇ ಪತ್ರ ಮಗಳಿಗೆ ಬರೆದೆ. ಕೈಬರಹ, ಒಂದೇ ಪುಟ. ಜೊತೆಗೆ ಆ ಸಾಲು ಜಾರಿದ ಪತ್ರದ ಒಂದು ಜೆರಾಕ್ಸ್, ಸ್ಟಾಂಪ್ ಹಚ್ಚಿದ ದೊಡ್ಡ ಕವರ್. ಮುಖ್ಯ ಭಾಗ ಹೀಗಿತ್ತು:

"ಈ ಪುಟದಲ್ಲಿ ಸಾಲುಗಳು ಕೆಳಗೆ ಇಳಿದಿವೆ. ಮುಂದಿನ ಪತ್ರಗಳು ಬೇರೆ ಕೈಬರಹದಲ್ಲಿವೆ. ಅದು ಯಾರ ಕೈ? ಅವರು ಬರೆಯಲು ಎಲ್ಲಿ ಕೂರುತ್ತಿದ್ದರು? ತಾವೇ ಓದುವುದನ್ನು ಯಾವಾಗ ನಿಲ್ಲಿಸಿದರು? ಯಾವುದಕ್ಕೂ ಉತ್ತರಿಸದೆ ಇರಬಹುದು. ನಾನು ಬರೆದದ್ದನ್ನು ಮೊದಲು ನಿಮಗೆ ತೋರಿಸುತ್ತೇನೆ, ಬೇಡ ಅಂದ ಮಾತನ್ನು ತೆಗೆಯುತ್ತೇನೆ."

ಆರೋಗ್ಯ ಅನ್ನುವ ಪದವೇ ಅದರಲ್ಲಿಲ್ಲ. ಅದನ್ನು ಯಾವ ದಿನ ಅಂಚೆಗೆ ಹಾಕಿದೆ, ಪತ್ರದ ಮೊದಲ ಸಾಲು ಏನು ಅನ್ನೋದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೂ ಎರಡು ಮನೆಗಳಿಗೆ ಬರೆಯುವುದಿದೆ.

ಆರು ವಾರಕ್ಕೆ ಉತ್ತರ ಬಂತು. ಗ್ಲಾಕೋಮಾ, ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಕಾಯಿಲೆ. ಆ ದುಂಡನೆಯ ಬರಹ ಮಗಳದ್ದೇ. ಬೆಳಿಗ್ಗೆ ಕಿಟಕಿ ಪಕ್ಕ ಕೂತು ಅವರು ಹೇಳುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಉದ್ದ ವಾಕ್ಯ ಬಂದರೆ ಅದರ ಆರಂಭ ಮರೆತುಹೋಗುತ್ತೆ ಅಂತ ಅವರೇ ಚಿಕ್ಕದಾಗಿ ಹೇಳತೊಡಗಿದರಂತೆ. ಕೊನೆಯ ಕಥೆಗಳ ತುಂಡು ವಾಕ್ಯಗಳನ್ನು "ಹೊಸ ಶೈಲಿ" ಅಂತ ನಾನೇ ಒಂದು ಸೆಮಿನಾರಿನಲ್ಲಿ ಓದಿದ್ದೆ!

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. ಇಂಗ್ಲಿಷ್ ಕಾದಂಬರಿಕಾರ್ತಿ ಐರಿಸ್ ಮರ್ಡೋಕ್ ಅವರ ಮೂರು ಕಾದಂಬರಿಗಳನ್ನು ಹೋಲಿಸಿ, 1995ರ ಕೊನೆಯದರಲ್ಲಿ ಪದಗಳ ವೈವಿಧ್ಯ ಕುಗ್ಗಿದೆ ಅಂತ 2005ರ ಒಂದು ಅಧ್ಯಯನ ತೋರಿಸಿತ್ತು. ಅವರಿಗೆ ಅಲ್ಜೈಮರ್ ಇತ್ತು. ಅದೇ ರೀತಿ ನಾನೂ ಎಣಿಸಿದೆ, ನಮ್ಮ ಲೇಖಕರ ಕೊನೆಯ ಕಥೆಗಳಲ್ಲಿ ಪದಗಳು ಕಡಿಮೆಯೇ ಬಂದವು. ಉತ್ತರ ಬರದಿದ್ದರೆ ನೆನಪಿನ ಕಾಯಿಲೆ ಅಂತ ಬರೆದುಬಿಡುತ್ತಿದ್ದೆನೋ ಏನೋ. ಬಾಯಲ್ಲಿ ಹೇಳಿ ಬರೆಸಿದ್ದನ್ನು ಕೈಯಲ್ಲಿ ಬರೆದದ್ದರ ಪಕ್ಕ ಇಟ್ಟು ಎಣಿಸಿದ್ದೇ ತಪ್ಪಾಗಿತ್ತು.

ಮನೆಯವರ ನೆನಪನ್ನೂ ತಾಳೆ ನೋಡಲೇಬೇಕು. ಅಪ್ಪ ತೀರಿಕೊಳ್ಳುವ ನಾಲ್ಕು ವರ್ಷ ಮೊದಲೇ ಬರೆಯುವುದು ನಿಂತಿತ್ತು ಅಂತ ಮಗಳು ಬರೆದಿದ್ದರು. ನನ್ನ ಹತ್ತಿರ, ಬರೆಯುವುದು ನಿಂತಿತು ಅಂದ ಆ ಸಮಯದಿಂದ ಎಂಟು ತಿಂಗಳ ನಂತರದ, ಅಪ್ಪನದೇ ಕೈಯ ಕಾರ್ಡ್ ಇತ್ತು. ತಿದ್ದುವ ದನಿ ಬರದ ಹಾಗೆ ಅದರ ಪ್ರತಿ ಕಳಿಸಿದೆ. ಅವರು ಆ ಕಾರ್ಡ್ ನೋಡಿರಲೇ ಇಲ್ಲವಂತೆ, ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದೆ ಅಂತ ಬರೆದರು. ಕಾರ್ಡ್ ಪೂರ್ತಿ ಮೂರೇ ಸಾಲು, ಮೂರನೆಯದು ಅಂಚು ದಾಟಿ ಹೋಗಿದೆ.